ಸೀಸ–ತವರದ ಕೂಲಿಂಗ್ ಕರ್ವ್: ಮೊದಲು ಗಟ್ಟಿಯಾಗುವುದು ಶುದ್ಧ ಸೀಸವಾ?

ಪ್ರಶ್ನೆ (ಶಿವಮೊಗ್ಗ, ಬಿಎಸ್ಸಿ ವಿದ್ಯಾರ್ಥಿನಿ): ತವರ 40, ಸೀಸ 60 ತೂಕದ ಲೆಕ್ಕದಲ್ಲಿ ಕರಗಿಸಿ ಕೂಲಿಂಗ್ ಕರ್ವ್ ತೆಗೆದೆವು. 229 ಡಿಗ್ರಿ ಹತ್ತಿರ ಗೆರೆ ಬಾಗಿತು, 183ರಲ್ಲಿ ಸಮತಟ್ಟಾಯಿತು. ಮೊದಲು ಗಟ್ಟಿಯಾಗುವುದು ಶುದ್ಧ ಸೀಸ ಅಂತ ರೆಕಾರ್ಡಿನಲ್ಲಿ ಬರೆದಿದ್ದೇನೆ. ಸರಿಯಾ? ಮಾಡಿ ನೋಡಿದವರು ಹೇಳಿ.

ತೀರ್ಥಹಳ್ಳಿಯಿಂದ: ಸರಿಯಾಗಿದೆ, ಧೈರ್ಯವಾಗಿ ಬರೆಯಿರಿ. ಸೀಸ ಕರಗುವುದು 327ಕ್ಕೆ, ತವರ 232ಕ್ಕೆ. ಜಾಸ್ತಿ ಬಿಸಿಗೆ ಕರಗುವುದೇ ಮೊದಲು ಗಟ್ಟಿಯಾಗಬೇಕು ಅಲ್ವಾ? ನಾವು ಬಿಸ್ಮತ್–ಕ್ಯಾಡ್ಮಿಯಂ ಮಾಡಿದಾಗಲೂ ಶುದ್ಧ ಲೋಹ ಅಂತಲೇ ಬರೆದಿದ್ದೆವು.

ಭದ್ರಾವತಿ, ಫೌಂಡ್ರಿ ನಿವೃತ್ತ: ತೀರ್ಥಹಳ್ಳಿಯವರೇ, ಬಿಸ್ಮತ್–ಕ್ಯಾಡ್ಮಿಯಂಗೆ ನಿಮ್ಮ ಉತ್ತರ ನಡೆಯುತ್ತದೆ, ಯಾಕಂದ್ರೆ ಆ ಎರಡೂ ಗಟ್ಟಿಯಾದ ಮೇಲೆ ಒಂದರೊಳಗೊಂದು ಹೆಚ್ಚುಕಮ್ಮಿ ಸೇರುವುದೇ ಇಲ್ಲ. ಸೀಸ ಹಾಗಲ್ಲ. ಗಟ್ಟಿ ಸೀಸ 183 ಡಿಗ್ರಿಯಲ್ಲಿ ಸುಮಾರು 18–19% ತವರವನ್ನು ಒಳಗಿಟ್ಟುಕೊಳ್ಳುತ್ತದೆ. ಯಾವುದು ಜಾಸ್ತಿ ಬಿಸಿಗೆ ಕರಗುತ್ತದೆ ಅನ್ನುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. 70% ತವರ ಹಾಕಿ ನೋಡಿ, ಮೊದಲು ಬರುವುದು ತವರದ ಕಡೆಯ ಬೀಟಾ. ಯುಟೆಕ್ಟಿಕ್ ಬಿಂದುವಾದ 61.9% ತವರದ ಯಾವ ಬದಿಗೆ ಇದ್ದೀರಿ ಅನ್ನುವುದೇ ಮುಖ್ಯ.

ತಂಗೀ, ಸೀಸ–ತವರದ ಫೇಸ್ ಡಯಾಗ್ರಾಮಿನಲ್ಲಿ ಹೀಗೆ ಓದು. ಕೆಳಗೆ 40ರಿಂದ ನೇರ ಮೇಲೆ ಹೋಗು. ಲಿಕ್ವಿಡಸ್ ಗೆರೆ ಸುಮಾರು 238ರಲ್ಲಿ ಸಿಗುತ್ತದೆ. ಅಲ್ಲಿಂದ ಬಿಸಿ ಬದಲಿಸದೆ ಅಡ್ಡಕ್ಕೆ, ಎಡಗಡೆ ಸೀಸದ ಕಡೆ ಹೋಗಿ ಸಾಲಿಡಸ್ ಮುಟ್ಟು. ಅದರ ಕೆಳಗೆ ಓದಿದರೆ 11–12% ತವರ ಬರುತ್ತದೆ. ಮೊದಲ ಕಣದ ಸಂಯೋಜನೆ ಅದು: 40 ಅಲ್ಲ, ಸೊನ್ನೆಯೂ ಅಲ್ಲ. ರೆಕಾರ್ಡಿನಲ್ಲಿ "ಸೀಸ ಹೆಚ್ಚಿರುವ ಆಲ್ಫಾ" ಅಂತ ತಿದ್ದು. ಹೀಗೆ ತವರ ಕಮ್ಮಿ ಇರುವ ಘನ ಬೇರೆಯಾಗುತ್ತಾ ಹೋದ ಹಾಗೆ ಉಳಿದ ದ್ರವದಲ್ಲಿ ತವರ ಏರುತ್ತದೆ, 183ಕ್ಕೆ ಬರುವಾಗ 61.9 ಮುಟ್ಟಿರುತ್ತದೆ. ಆಗ ಉಳಿದ ದ್ರವವೆಲ್ಲ ಒಟ್ಟಿಗೆ ಹೆಪ್ಪುಗಟ್ಟುವುದರಿಂದ ಗೆರೆ ಸಮತಟ್ಟಾಗುತ್ತದೆ.

ಆ ಸಮತಟ್ಟಿನ ಉದ್ದವನ್ನೂ ಅಳೆದುಕೋ. ಆಲ್ಫಾ 18.3 ಅಂತ ಹಿಡಿದರೆ 183ಕ್ಕೆ ಬಂದಾಗ ಉಳಿದಿರುವ ದ್ರವ 21.7 ಭಾಗಿಸು 43.6, ಅಂದರೆ ಸುಮಾರು ಅರ್ಧ. ಅಷ್ಟೇ ತೂಕದ ಯುಟೆಕ್ಟಿಕ್ ಮಿಶ್ರಣವನ್ನು ಅದೇ ವೇಗದಲ್ಲಿ ತಣಿಸಿದರೆ ಎಷ್ಟು ಹೊತ್ತು ನಿಲ್ಲುತ್ತದೋ, ನಿನ್ನದು ಅದರ ಅರ್ಧ ಹೊತ್ತು ನಿಲ್ಲಬೇಕು.

ಸಾಗರ, ರೇಡಿಯೋ ರಿಪೇರಿ: ಗ್ರಾಫ್ ನಂಗೆ ಗೊತ್ತಿಲ್ಲ, ಆದ್ರೆ ಈ ವ್ಯತ್ಯಾಸ ಕೈಗೆ ಸಿಗುತ್ತದೆ. 63–37 ವೈರ್ ಒಂದೇ ಸಲ ಗಟ್ಟಿಯಾಗುತ್ತದೆ. 40–60 ಬೆಸುಗೆ ತುಂಬಾ ಹೊತ್ತು ಗಂಜಿಯ ಹಾಗೆ ಇರುತ್ತದೆ, ಅಷ್ಟರಲ್ಲಿ ತಂತಿ ಅಲುಗಿತೋ ಜಾಯಿಂಟ್ ಮಂಕಾಗಿ ಬಿರುಕು ಬಿಡುತ್ತದೆ. ಕೊಡದ ತೂತು ಮುಚ್ಚುವವರಿಗೆ ಮಾತ್ರ ಆ ಗಂಜಿಯೇ ಬೇಕು, ತೀಡಿ ಕೂರಿಸಬಹುದು.

ಹೊಸನಗರದಿಂದ: ಹಾಗಾದ್ರೆ ಹಿತ್ತಾಳೆ ಪಾತ್ರೆ ಕಲಾಯಿಗೆ ಈ ವೈರ್ ಹಾಕಬಹುದಾ?

ಭದ್ರಾವತಿ, ಫೌಂಡ್ರಿ ನಿವೃತ್ತ: ಬೇಡವೇ ಬೇಡ. ಅದರಲ್ಲಿ ಸೀಸ ಇದೆ. ಅಡುಗೆ ಪಾತ್ರೆಗೆ ಶುದ್ಧ ತವರವೇ ಆಗಬೇಕು.

ಪ್ರಶ್ನೆ ಕೇಳಿದವಳು: ತುಂಬಾ ಥ್ಯಾಂಕ್ಸ್ ಸರ್. ಆದ್ರೆ ನಂದು 238ರ ಬದಲು 229ರಲ್ಲಿ ಬಾಗಿದ್ದು ಯಾಕೆ? ಥರ್ಮೋಕಪಲ್ ತಪ್ಪು ತೋರಿಸ್ತಿದೆಯಾ?

ಶಿವಮೊಗ್ಗ, ಲ್ಯಾಬ್ ಅಸಿಸ್ಟೆಂಟ್: 183 ಸರಿಯಾಗಿ ಬಂದಿದೆಯಲ್ಲ, ಹಾಗಾಗಿ ಥರ್ಮೋಕಪಲ್ ಮೇಲೆ ನನಗೆ ಅನುಮಾನವಿಲ್ಲ. ತೂಕದಲ್ಲಿ ತವರ ಜಾಸ್ತಿ ಬಿದ್ದಿರಬೇಕು. ಆ ಗೆರೆ ಒಂದು ಶೇಕಡಾ ತವರಕ್ಕೆ ಎರಡು ಚಿಲ್ಲರೆ ಡಿಗ್ರಿ ಇಳಿಯುತ್ತದೆ. 9 ಡಿಗ್ರಿ ಅಂದರೆ ಸುಮಾರು 4% ವ್ಯತ್ಯಾಸ.

ಭದ್ರಾವತಿ, ಫೌಂಡ್ರಿ ನಿವೃತ್ತ: ನನಗೆ ಸೂಪರ್‌ಕೂಲಿಂಗ್ ಮೇಲೆ ಅನುಮಾನ. ಮೊದಲ ಕಣ ಹುಟ್ಟಲು ತಡವಾದರೆ ದ್ರವ 238 ದಾಟಿ ಕೆಳಗೆ ಇಳಿಯುತ್ತದೆ, ಕಣ ಹುಟ್ಟಿದ ಮೇಲೆ ಬಿಸಿ ಸ್ವಲ್ಪ ಮೇಲೇಳುತ್ತದೆ. ನಿನ್ನ ಗ್ರಾಫಲ್ಲಿ ಬಾಗುವ ಜಾಗದಲ್ಲಿ ಸಣ್ಣ ತಗ್ಗು ಇದೆಯಾ ನೋಡು. ಇದ್ದರೆ ನನ್ನ ಮಾತು, ಇಲ್ಲದಿದ್ದರೆ ಅವರ ಮಾತು.

ಪ್ರಶ್ನೆ ಕೇಳಿದವಳು: ನಾವು ಅರ್ಧ ನಿಮಿಷಕ್ಕೊಂದು ರೀಡಿಂಗ್ ಬರೆದದ್ದು ಸರ್. ತಗ್ಗು ಇದ್ದರೂ ಕಾಣುವ ಹಾಗಿಲ್ಲ.

ಶಿವಮೊಗ್ಗ, ಲ್ಯಾಬ್ ಅಸಿಸ್ಟೆಂಟ್: ಹಾಗಾದ್ರೆ ಮತ್ತೆ ಮಾಡಿ. 260ರಿಂದ 220ರವರೆಗೆ 5 ಸೆಕೆಂಡಿಗೊಂದು ರೀಡಿಂಗ್ ತೆಗೆಯಿರಿ, ಕ್ರೂಸಿಬಲ್ಲನ್ನು ಕುಲುಮೆಯಿಂದ ಹೊರಗೆ ತೆಗೆಯದೆ ಅದರೊಳಗೇ ನಿಧಾನ ತಣಿಯಲು ಬಿಡಿ. ಇನ್ನೊಂದು ಮಾತು. ಕಿಟ್ಟ ಕಟ್ಟದಿರಲಿ ಅಂತ ಮೇಲೆ ಹಾಕುವ ಇದ್ದಿಲ ಪುಡಿ ನಮ್ಮ ಮಳೆಗಾಲದಲ್ಲಿ ಡಬ್ಬಿಯಲ್ಲೇ ತೇವ ಹಿಡಿಯುತ್ತದೆ, ಅದನ್ನು ಬಿಸಿ ಮಾಡಿ ಒಣಗಿಸಿಯೇ ಹಾಕಿ. ಕಲಕುವ ಕಡ್ಡಿಯೂ ಒಣಗಿರಲಿ. ಒದ್ದೆ ಕಡ್ಡಿ ಕರಗಿದ ಸೀಸದೊಳಗೆ ಹೋದರೆ ಲೋಹ ಮುಖಕ್ಕೇ ಸಿಡಿಯುತ್ತದೆ.