ಮಗ್ಗುಲಾದರೆ ಕೋಣೆ ತಿರುಗುತ್ತದೆ, ಕಿವಿ ಮಾತ್ರ ಚೆನ್ನಾಗಿ ಕೇಳಿಸುತ್ತದೆ: ಚಿತ್ರದಲ್ಲಿ ಯಾವ ಭಾಗ?

ವಿದ್ಯಾರ್ಥಿನಿ: ಪರೀಕ್ಷೆಯಲ್ಲಿ ಕಿವಿಯ ಚಿತ್ರ ಕೊಟ್ಟು ಆರು ಭಾಗಗಳಿಗೆ ಗುರುತು ಹಾಕಿದ್ದರು. “ಅ” ಎಂದರೆ ಕಿವಿತಮಟೆ, “ಆ” ಎಂದರೆ ಮೂರು ಪುಟ್ಟ ಮೂಳೆಗಳು, “ಇ” ಎಂದರೆ ಅರ್ಧವೃತ್ತಾಕಾರದ ನಾಳಗಳು, “ಈ” ಎಂದರೆ ವೆಸ್ಟಿಬ್ಯೂಲ್, “ಉ” ಎಂದರೆ ಕಾಕ್ಲಿಯಾ, “ಊ” ಎಂದರೆ ಯೂಸ್ಟೇಶಿಯನ್ ನಾಳ. ಹೆಸರುಗಳೆಲ್ಲ ಸರಿ ಬರೆದೆ. ಆಮೇಲಿನ ಪ್ರಶ್ನೆ ಹೀಗಿತ್ತು: “ಒಬ್ಬರಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರ್ಧ ನಿಮಿಷ ಕೋಣೆಯೇ ತಿರುಗಿದಂತಾಗುತ್ತದೆ. ಸುಮ್ಮನೆ ಕುಳಿತರೆ ಏನೂ ಇಲ್ಲ, ಶ್ರವಣವೂ ಸರಿಯಾಗಿದೆ. ತೊಂದರೆ ಯಾವ ಭಾಗದಲ್ಲಿದೆ? ಕಾರಣ ಕೊಡಿ.” ನಾನು “ಇ, ನಾಳದ ದ್ರವ ಕಡಿಮೆಯಾಗಿದೆ” ಎಂದು ಬರೆದೆ. ಉತ್ತರಪಟ್ಟಿಯಲ್ಲಿ “ಈ” ಎಂದಿತ್ತು, ಅಂಕ ಬರಲಿಲ್ಲ. ಯಾವುದು ಸರಿ?

ಕಿವಿ, ಮೂಗು, ಗಂಟಲು ವೈದ್ಯೆ: ನೀವು ತೋರಿಸಿದ ಜಾಗ ಸರಿ, ಕೊಟ್ಟ ಕಾರಣ ತಪ್ಪು. ದ್ರವ ಕಡಿಮೆಯಾಗಿಲ್ಲ. ಅದರೊಳಗೆ ಇರಬಾರದ ವಸ್ತುವೊಂದು ಬಂದು ಸೇರಿದೆ. ಆ ವಸ್ತುವಿನ ತವರು “ಈ”, ಅದು ತೊಂದರೆ ಕೊಡುವುದು “ಇ” ಯಲ್ಲಿ. ಉತ್ತರಪಟ್ಟಿ ತಯಾರಿಸಿದವರು ತವರನ್ನು ಹಿಡಿದಿದ್ದಾರೆ, ನೀವು ತೊಂದರೆಯ ಜಾಗವನ್ನು ಹಿಡಿದಿದ್ದೀರಿ.

ವೆಸ್ಟಿಬ್ಯೂಲಿನೊಳಗೆ ಯುಟ್ರಿಕಲ್ ಎಂಬ ಚೀಲವಿದೆ. ಅದರ ಒಳಮೈಯ ಒಂದು ಕಡೆ ರೋಮಕೋಶಗಳಿವೆ, ಅವುಗಳ ಮೇಲೆ ಲೋಳೆಯ ಪದರ, ಆ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೋನೇಟಿನ ಸೂಕ್ಷ್ಮ ಹರಳುಗಳು. ತಲೆ ವಾಲಿದಾಗ ಅಥವಾ ಬಸ್ಸು ಧಡಕ್ಕನೆ ಮುಂದೆ ಹೊರಟಾಗ ಭಾರವಾದ ಈ ಹರಳುಗಳು ಲೋಳೆಯನ್ನು ಎಳೆಯುತ್ತವೆ, ರೋಮಗಳು ಬಾಗುತ್ತವೆ, ಮೆದುಳಿಗೆ ಸುದ್ದಿ ಹೋಗುತ್ತದೆ. ಅಲ್ಲಿ ಭಾರ ಇರಲೇಬೇಕು, ಇಲ್ಲದಿದ್ದರೆ ಆ ಅಂಗ ಕೆಲಸ ಮಾಡುವುದಿಲ್ಲ.

ಮೂರು ನಾಳಗಳ ಕೆಲಸ ಬೇರೆ. ಅವು ತಲೆ ತಿರುಗುವುದನ್ನು ಮಾತ್ರ ಅಳೆಯುತ್ತವೆ. ಪ್ರತಿ ನಾಳದ ಬುಡದಲ್ಲಿ ಉಬ್ಬಿದ ಜಾಗವೊಂದಿದೆ, ಅದಕ್ಕೆ ಆಂಪುಲ್ಲ ಎನ್ನುತ್ತೇವೆ. ಅದರೊಳಗೆ ಬಾಗಿಲಿನಂತೆ ನಿಂತಿರುವ ಮೆತ್ತನೆಯ ಪರದೆಯೇ ಕ್ಯುಪುಲ. ತಲೆ ತಿರುಗಿದಾಗ ನಾಳದ ದ್ರವ ಹಿಂದೆ ಉಳಿದು ಪರದೆಯನ್ನು ತಳ್ಳುತ್ತದೆ. ಪರದೆಯ ಸಾಂದ್ರತೆ ದ್ರವದ ಸಾಂದ್ರತೆಯಷ್ಟೇ ಇರುವುದರಿಂದ ನೀವು ಕುಳಿತರೂ ಮಲಗಿದರೂ ಅದು ತನ್ನಷ್ಟಕ್ಕೆ ಬಾಗುವುದಿಲ್ಲ. ಅಂದರೆ ಗುರುತ್ವ ನಾಳಗಳ ಮೇಲೆ ಪ್ರಭಾವ ಬೀರದಂತೆ ಈ ಏರ್ಪಾಡು.

ಈಗ ಯುಟ್ರಿಕಲಿನ ಕೆಲವು ಹರಳುಗಳು ಕಳಚಿ ನಾಳದೊಳಗೆ ಜಾರಿದವೆಂದುಕೊಳ್ಳಿ. ಗುರುತ್ವಕ್ಕೆ ಬಗ್ಗದ ಜಾಗಕ್ಕೆ ಭಾರದ ಪುಡಿ ಬಂದು ಸೇರಿತು. ಮಲಗಿದಾಗ ಆ ಪುಡಿ ಕೆಳಕ್ಕೆ ಜಾರುತ್ತದೆ, ಜಾರುತ್ತಾ ದ್ರವವನ್ನು ಎಳೆಯುತ್ತದೆ, ದ್ರವ ಪರದೆಯನ್ನು ಬಾಗಿಸುತ್ತದೆ. ತಲೆ ನಿಂತಿದ್ದರೂ “ತಿರುಗುತ್ತಿದೆ” ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ. ಪುಡಿ ತಳ ಸೇರಿದ ಮೇಲೆ ದ್ರವ ನಿಲ್ಲುತ್ತದೆ, ಪರದೆ ನೆಟ್ಟಗಾಗುತ್ತದೆ, ಸುತ್ತು ನಿಲ್ಲುತ್ತದೆ. ಪ್ರಶ್ನೆಯಲ್ಲಿದ್ದ ಆ “ಅರ್ಧ ನಿಮಿಷ” ಎಂಬ ಮಾತೇ ನಿಮಗೆ ಸಿಕ್ಕ ಸುಳಿವು.

ಜೀವಶಾಸ್ತ್ರ ಅಧ್ಯಾಪಕ: ನನಗೆ ಪ್ರಶ್ನೆಯೇ ಸರಿ ಕಾಣುತ್ತಿಲ್ಲ. ನಾಳಗಳಲ್ಲೂ ಶಬ್ದ ಗ್ರಹಿಸುವ ಕಾಕ್ಲಿಯಾದಲ್ಲೂ ಇರುವುದು ಎಂಡೋಲಿಂಫ್ ಎಂಬ ಒಂದೇ ದ್ರವ, ಎರಡಕ್ಕೂ ಸಂಪರ್ಕವಿದೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯೂ ಕೆಡಬೇಕಲ್ಲವೇ? ಶ್ರವಣ ಸರಿಯಾಗಿದ್ದರೆ ಒಳಕಿವಿಯಲ್ಲಿ ತೊಂದರೆಯಿಲ್ಲ, ರಕ್ತದೊತ್ತಡ ನೋಡಬೇಕು ಎಂದೇ ನಾನು ಮಕ್ಕಳಿಗೆ ಹೇಳುತ್ತಿದ್ದೆ.

ವೈದ್ಯೆ: ದ್ರವ ಒಂದೇ ಎಂಬ ಮಾತು ನಿಜ ಸರ್, ಅದರಿಂದ ನೀವು ತೆಗೆದ ತೀರ್ಮಾನ ನಿಲ್ಲುವುದಿಲ್ಲ. ದ್ರವದ ಪ್ರಮಾಣವೇ ಏರುಪೇರಾದರೆ ಎರಡೂ ಕಡೆ ಪೆಟ್ಟು ಬೀಳುತ್ತದೆ. ಮೆನಿಯೇರ್ ಕಾಯಿಲೆಯಲ್ಲಿ ಹಾಗೇ ಕಾಣುತ್ತೇವೆ: ಸುತ್ತು, ಕಿವಿಯಲ್ಲಿ ಮೊರೆತ, ಕಿವಿ ತುಂಬಿದ ಭಾವ, ಶ್ರವಣದ ಏರಿಳಿತ, ಎಲ್ಲವೂ ಒಟ್ಟಿಗೆ. ಇಲ್ಲಿ ದ್ರವ ಇದ್ದಷ್ಟೇ ಇದೆ. ಕೆಲವು ಹರಳುಗಳು ಒಂದು ನಾಳದಲ್ಲಿ ಉರುಳಿದರೆ ಕಾಕ್ಲಿಯಾದ ರೋಮಕೋಶಗಳಿಗೆ ಅದರ ಸುಳಿವೂ ಸಿಗುವುದಿಲ್ಲ.

ರಕ್ತದೊತ್ತಡ ಕುಸಿದಾಗ ಬರುವುದು ಎದ್ದು ನಿಂತಾಗಿನ ಕಣ್ಣು ಕತ್ತಲೆ. ಮಲಗಿಕೊಂಡೇ ಮಗ್ಗುಲಾದಾಗ ಕೋಣೆ ಗಿರಗಿರನೆ ತಿರುಗಿದರೆ ಅದು ಒತ್ತಡದ ಲಕ್ಷಣವಲ್ಲ. ಈ ಎರಡನ್ನೂ “ತಲೆಸುತ್ತು” ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದ ನಮ್ಮ ಕೊಠಡಿಗೆ ಬರುವವರಲ್ಲಿ ಎಷ್ಟೋ ಜನ ತಪ್ಪು ಮಾತ್ರೆಯ ಚೀಟಿ ಹಿಡಿದೇ ಬಂದಿರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಅಧ್ಯಾಪಕ: ಒಪ್ಪಿದೆ, ನನ್ನ ಪಾಠ ತಿದ್ದಿಕೊಳ್ಳುತ್ತೇನೆ. ಆದರೆ ಹರಳುಗಳು ನಾಳದಲ್ಲಿವೆ ಎಂದು ಕಣ್ಣಿಗೆ ಕಾಣದೆ ಹೇಗೆ ಹೇಳುತ್ತೀರಿ? ಸ್ಕ್ಯಾನಿನಲ್ಲಿ ಕಾಣುತ್ತವೆಯೇ?

ವೈದ್ಯೆ: ಮಾಮೂಲಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಕಣ್ಣುಗುಡ್ಡೆ ಹೇಳುತ್ತದೆ. ಒಳಕಿವಿಯ ಈ ನಾಳಗಳಿಗೂ ಕಣ್ಣಿನ ಸ್ನಾಯುಗಳಿಗೂ ನೇರ ನಂಟಿದೆ. ತಲೆ ತಿರುಗಿದರೂ ದೃಷ್ಟಿ ನಿಲ್ಲುವಂತೆ ಮಾಡುವ ನಂಟು ಅದು. ಸುಳ್ಳು ಸುದ್ದಿ ಹೋದರೆ ಕಣ್ಣು ಸುಮ್ಮಸುಮ್ಮನೆ ಅದುರುತ್ತದೆ.

ಐವತ್ತರ ಆಸುಪಾಸಿನ ಒಬ್ಬರನ್ನು ನೆನಪಿಸಿಕೊಳ್ಳುತ್ತೇನೆ. ಬೆಳಗಿನ ಜಾವ ಬಲಮಗ್ಗುಲಾದಾಗ ಛಾವಣಿ ತಿರುಗಿತು, ವಾಂತಿ ಬಂತು, ಪಾರ್ಶ್ವವಾಯುವೇ ಬಡಿಯಿತು ಎಂದು ಹೆದರಿದ್ದರು. ಕುಳಿತಾಗ ಪೂರ್ತಿ ಸರಿ, ಮಾತು ಸ್ಪಷ್ಟ, ನಡಿಗೆ ನೇರ. ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ವಾಲುವಂತೆ ಬೇಗನೆ ಮಲಗಿಸಿದೆ. ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಮೂರು ನಾಲ್ಕು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಎರಡೂ ಕಣ್ಣುಗಳು ಮೇಲ್ಮುಖವಾಗಿ, ತಿರುಚಿದಂತೆ ಅದುರತೊಡಗಿದವು. ಅವರು ಮಂಚದ ಅಂಚನ್ನು ಬಿಗಿಯಾಗಿ ಹಿಡಿದರು. ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ಅದುರು ನಿಂತಿತು. ಎಡಕ್ಕೆ ತಿರುಗಿಸಿ ಮಲಗಿಸಿದಾಗ ಏನೂ ಇಲ್ಲ. ಅಲ್ಲಿಗೆ ಬಲಗಿವಿಯ ಹಿಂಬದಿಯ ನಾಳ ಎಂದು ತಿಳಿಯಿತು.

ಮೊದಲ ಆ ಕೆಲವು ಸೆಕೆಂಡುಗಳ ತಡವನ್ನು ಗಮನಿಸಿ. ಹರಳುಗಳು ಜಾರಲು ಶುರುವಾಗಿ ದ್ರವವನ್ನು ಕದಲಿಸಲು ಬೇಕಾದ ಹೊತ್ತು ಅದು. ಹಿಂಬದಿಯ ನಾಳದಲ್ಲೇ ಹೆಚ್ಚಾಗಿ ಸಿಕ್ಕಿಬೀಳುವುದಕ್ಕೂ ಕಾರಣ ಸರಳ: ನಿಂತಾಗಲೂ ಮಲಗಿದಾಗಲೂ ಅದೇ ತಗ್ಗಿನಲ್ಲಿರುತ್ತದೆ.

ವಿದ್ಯಾರ್ಥಿನಿ: ಹಾಗಾದರೆ ಆ ಪುಡಿಯನ್ನು ಹೊರಗೆ ತೆಗೆಯುವುದು ಹೇಗೆ? ಶಸ್ತ್ರಚಿಕಿತ್ಸೆಯೇ?

ವೈದ್ಯೆ: ಹೊರಗೆ ತೆಗೆಯುವುದಿಲ್ಲ, ತವರಿಗೆ ಕಳುಹಿಸುತ್ತೇವೆ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನ. ಆ ರೋಗಿಯನ್ನು ಬಲಕ್ಕೆ ವಾಲಿದ ಅದೇ ಭಂಗಿಯಲ್ಲಿ ಸುತ್ತು ನಿಲ್ಲುವವರೆಗೆ ಇಟ್ಟೆ. ನಂತರ ತಲೆಯನ್ನು ನಿಧಾನವಾಗಿ 90 ಡಿಗ್ರಿ ಎಡಕ್ಕೆ ತಿರುಗಿಸಿ ಅರ್ಧ ನಿಮಿಷ ಕಾದೆ. ಆಮೇಲೆ ಇಡೀ ದೇಹವನ್ನು ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲದ ಕಡೆಗೆ ಬರುವಂತೆ ಮತ್ತೆ 90 ಡಿಗ್ರಿ ತಿರುಗಿಸಿ ಇನ್ನಷ್ಟು ಹೊತ್ತು ಕಾದು, ಗಲ್ಲ ಎದೆಗೆ ಬಾಗಿಸಿಕೊಂಡೇ ಎಬ್ಬಿಸಿ ಕೂರಿಸಿದೆ. ಬಾಗಿದ ಕೊಳವೆಯೊಳಗಿನ ಗೋಲಿಯನ್ನು ಕೊಳವೆ ತಿರುಗಿಸುತ್ತಾ ಬಾಯಿಗೆ ತರುತ್ತೇವಲ್ಲ, ಹಾಗೆಯೇ. ಹರಳುಗಳು ನಾಳವನ್ನು ಸುತ್ತಿ ಯುಟ್ರಿಕಲಿಗೆ ಬೀಳುತ್ತವೆ. ಎರಡನೆಯ ಬಾರಿ ಪರೀಕ್ಷಿಸಿದಾಗ ಕಣ್ಣು ಅದುರಲಿಲ್ಲ.

ಒಂದೆರಡು ಸಲ ಮಾಡಿದರೆ ಬಹುತೇಕರಿಗೆ ಗುಣವಾಗುತ್ತದೆ, ಮತ್ತೆ ಮರುಕಳಿಸುವುದೂ ಉಂಟು. ಸುತ್ತನ್ನು ಮಂದ ಮಾಡುವ ಮಾತ್ರೆಗಳು ಹರಳನ್ನು ಕದಲಿಸುವುದಿಲ್ಲ. ಕುತ್ತಿಗೆಯ ಮೂಳೆಗೆ ತೊಂದರೆ ಇರುವವರಿಗೆ ಇದನ್ನು ಮಾಡುವ ಮೊದಲು ಯೋಚಿಸಬೇಕು.

ಒಬ್ಬ ಓದುಗ: ಮೇಡಂ, ನನ್ನದೂ ಇದೇ. ಎರಡು ವರ್ಷದಿಂದ ತಲೆಸುತ್ತು. ಬಂದರೆ ಎರಡು ಮೂರು ಗಂಟೆ ಏಳಲಾಗುವುದಿಲ್ಲ. ಎಡಗಿವಿ ಗುಂಯ್ ಎನ್ನುತ್ತದೆ, ಆ ಹೊತ್ತಿನಲ್ಲಿ ಫೋನನ್ನು ಬಲಗಿವಿಗೆ ಬದಲಾಯಿಸಿಕೊಳ್ಳಬೇಕು. ವಿಡಿಯೋ ನೋಡಿ ನೀವು ಹೇಳಿದ ವ್ಯಾಯಾಮ ಹತ್ತು ದಿನ ಮಾಡಿದೆ, ಏನೂ ಪ್ರಯೋಜನವಾಗಲಿಲ್ಲ. ಹರಳು ಗಟ್ಟಿಯಾಗಿ ಅಂಟಿಕೊಂಡಿದೆಯೇ?

ವೈದ್ಯೆ: ನಿಮ್ಮದು ಈ ಪ್ರಶ್ನೆಯಲ್ಲಿರುವ ತೊಂದರೆಯಲ್ಲ ಎಂದೇ ನನಗನಿಸುತ್ತದೆ. ಹರಳಿನ ಸುತ್ತು ಒಂದು ನಿಮಿಷದೊಳಗೆ ಇಳಿಯುತ್ತದೆ, ತಲೆಯ ಭಂಗಿ ಬದಲಿಸದೆ ಬರುವುದಿಲ್ಲ, ಶ್ರವಣವನ್ನು ಮುಟ್ಟುವುದಿಲ್ಲ. ನಿಮ್ಮದು ಗಂಟೆಗಟ್ಟಲೆ ಇರುತ್ತದೆ, ಒಂದೇ ಕಿವಿಯ ಮೊರೆತ ಮತ್ತು ಕಿವುಡಿನ ಜೊತೆಗೆ ಬರುತ್ತದೆ. ಚಿತ್ರದಲ್ಲಿ ಹೇಳುವುದಾದರೆ ನಿಮ್ಮಲ್ಲಿ “ಇ”, “ಈ” ಗಳ ಜೊತೆಗೆ “ಉ” ಕೂಡ ಸೇರಿಕೊಂಡಿದೆ. ಮೊದಲು ಶ್ರವಣ ಪರೀಕ್ಷೆಯ ನಕ್ಷೆ ಮಾಡಿಸಿ, ಸಾಧ್ಯವಾದರೆ ಸುತ್ತು ಬಂದ ಮರುದಿನವೇ. ಮೆನಿಯೇರ್ ಇರಬಹುದು, ಬೇರೆಯೂ ಇರಬಹುದು. ಒಂದೇ ಕಿವಿಯ ತೊಂದರೆಯಾದ್ದರಿಂದ ನರದ ಗಂಟು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಕೂಡ ಬೇಕಾಗಬಹುದು. ಇಲ್ಲಿಂದಲೇ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ.

ಇನ್ನೊಂದು ಮಾತು. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲಿನ ಶಕ್ತಿ ಕುಂದಿದರೆ ಅಥವಾ ಆಧಾರವಿಲ್ಲದೆ ನಿಲ್ಲಲಾಗದಿದ್ದರೆ ಕಿವಿಯ ವೈದ್ಯರಿಗಾಗಿ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಒಂದು ಕಿವಿ ದಿಢೀರನೆ ಕೇಳಿಸದಾದರೂ ತಡ ಮಾಡುವಂತಿಲ್ಲ.

ಓದುಗ: ಶ್ರವಣ ಪರೀಕ್ಷೆಯನ್ನು ಯಾರೂ ಹೇಳಿರಲಿಲ್ಲ. ಈ ವಾರವೇ ಮಾಡಿಸುತ್ತೇನೆ.

ಅಧ್ಯಾಪಕ: ಅಂಕದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ “ಇ” ಮಾತ್ರ ಸರಿ. ಪ್ರಶ್ನೆ ಕೇಳಿದ್ದು ತೊಂದರೆ ಎಲ್ಲಿದೆ ಎಂದು, ಎಲ್ಲಿಂದ ಬಂತು ಎಂದಲ್ಲ.

ವೈದ್ಯೆ: ನಾನಾಗಿದ್ದರೆ ಎರಡಕ್ಕೂ ಅಂಕ ಕೊಡುತ್ತಿದ್ದೆ, ಕಾರಣ ಸರಿಯಾಗಿ ಬರೆದಿದ್ದರೆ. ಯುಟ್ರಿಕಲಿನಿಂದ ಹರಳು ಕಳಚದೆ ಈ ತೊಂದರೆ ಬರುವುದೇ ಇಲ್ಲ.

ಅಧ್ಯಾಪಕ: ಅಲ್ಲಿಗೆ ನಾವಿಬ್ಬರೂ ಒಪ್ಪುವುದಿಲ್ಲ. ವಿದ್ಯಾರ್ಥಿನಿ ಮರುಮೌಲ್ಯಮಾಪನ ಕೇಳಲಿ.

ವಿದ್ಯಾರ್ಥಿನಿ: ಕೇಳುತ್ತೇನೆ. ಕಾರಣ ತಪ್ಪಾದ್ದರಿಂದ ಪೂರ್ತಿ ಅಂಕ ಸಿಗುವುದಿಲ್ಲ ಎಂದು ಗೊತ್ತು. ಇನ್ನೊಂದು ಅನುಮಾನ: ನಾನು ಚಿತ್ರ ಬಿಡಿಸಿದಾಗ “ಈ” ಎಂಬ ಗುರುತಿನ ಗೆರೆ ಎಲ್ಲಿ ಮುಟ್ಟಬೇಕು? ನಾಳಗಳ ಬುಡ, ವೆಸ್ಟಿಬ್ಯೂಲ್, ಕಾಕ್ಲಿಯಾದ ಆರಂಭ, ಮೂರೂ ಒಂದೇ ಕಡೆ ಬಂದುಬಿಡುತ್ತವೆ.

ವೈದ್ಯೆ: ಹೆಚ್ಚಿನವರು ತಪ್ಪುವುದು ಅಲ್ಲೇ. ಮೊದಲು ರಿಕಾಪಿನ ಆಕಾರದ ಮೂಳೆಯನ್ನು ಬಿಡಿಸಿ, ಅದರ ಪಾದ ಮುಟ್ಟುವ ಅಂಡಾಕಾರದ ಕಿಟಕಿಯನ್ನು ಗುರುತಿಸಿ. ಆ ಕಿಟಕಿಯ ಹಿಂದಿನ ಕೋಣೆಯೇ ವೆಸ್ಟಿಬ್ಯೂಲ್. ಅದರ ಒಂದು ಬದಿಯಿಂದ ಬಸವನಹುಳುವಿನ ಸುರುಳಿ ಹೊರಡಲಿ, ಎದುರು ಬದಿಯಿಂದ ಮೂರು ಬಳೆಗಳು ಏಳಲಿ. ಬಳೆಗಳ ಬುಡದ ಉಬ್ಬಿಗೆ ಗೆರೆ ತಾಕಿದರೆ ಅದು ಆಂಪುಲ್ಲ, ವೆಸ್ಟಿಬ್ಯೂಲ್ ಅಲ್ಲ. ಗೆರೆಯ ತುದಿ ಆ ಕೋಣೆಯ ನಡುವಿಗೆ, ಕಿಟಕಿಯ ನೇರಕ್ಕೆ ಮುಟ್ಟಲಿ.