ಈಜುಡುಗೆಯಲ್ಲಿ ಮೈ ಕಾಣುವುದು ಯಾಕೆ? ಬಟ್ಟೆ ತಜ್ಞೆಯನ್ನು ಕೇಳಿ

ಸುಮಾ: ಮೇಡಂ, ವಾರಕ್ಕೆ ಐದು ದಿನ ಕ್ಲೋರಿನ್ ಕೊಳದಲ್ಲಿ ಈಜುತ್ತೇನೆ. ಕಡುನೀಲಿ ಈಜುಡುಗೆ. ಒದ್ದೆಯಾಗಿ ಬಗ್ಗಿದರೆ ಹಿಂಭಾಗದಲ್ಲಿ ಮೈ ಕಾಣುತ್ತದಂತೆ. ಬಿಳಿ ಕೂದಲಿನಂಥ ಎಳೆಗಳೂ ಎದ್ದಿವೆ. ಲೇಬಲ್‌ನಲ್ಲಿ ನೈಲಾನ್ 80, ಸ್ಪ್ಯಾಂಡೆಕ್ಸ್ 20 ಅಂತಿದೆ. ಬಣ್ಣ ಹಾಕಿಸಿದರೆ ಸರಿಹೋಗುತ್ತಾ?

ಬಟ್ಟೆ ತಜ್ಞೆ: ಇಲ್ಲ. ಆ ಬಿಳಿ ಎಳೆಗಳು ತುಂಡಾದ ಸ್ಪ್ಯಾಂಡೆಕ್ಸ್. ಹಿಗ್ಗಿದ ಬಟ್ಟೆಯನ್ನು ವಾಪಸ್ ಎಳೆದು ಹೆಣಿಗೆಯನ್ನು ಒತ್ತಾಗಿ ಇಡುವುದು ಅದೇ. ಕ್ಲೋರಿನ್ ಅದನ್ನು ತಿನ್ನುತ್ತಾ ಹೋದಂತೆ ಹೆಣಿಗೆ ಸಡಿಲವಾಗಿ ಬಾಯಿ ಬಿಡುತ್ತದೆ. ನೈಲಾನ್ ಅಷ್ಟು ಬೇಗ ಹಾಳಾಗುವುದಿಲ್ಲ, ಹಾಗಾಗಿ ಬಟ್ಟೆ ಹರಿದಂತೆ ಕಾಣುವುದಿಲ್ಲ. ಕೂರುವ ಜಾಗದಲ್ಲಿ ಎಳೆತ, ಉಜ್ಜಾಟ ಎರಡೂ ಜಾಸ್ತಿ, ಹಾಗಾಗಿ ಮೊದಲು ಹೋಗುವುದು ಅಲ್ಲೇ. ಒಣಗಿದಾಗ ಎಳೆಗಳ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ. ಅಲ್ಲಿ ನೀರು ತುಂಬಿದರೆ ಬೆಳಕು ಸಲೀಸಾಗಿ ಹಾಯುತ್ತದೆ. ಅದಕ್ಕೇ ಮನೆಯಲ್ಲಿ ಒಣ ಬಟ್ಟೆ ನೋಡಿದರೆ ಗೊತ್ತಾಗುವುದಿಲ್ಲ.

ಒದ್ದೆ ಮಾಡಿ, ಹಿಂಭಾಗವನ್ನು ಎರಡೂ ಕೈಯಿಂದ ಅಗಲಕ್ಕೆ ಎಳೆದು ಕಿಟಕಿ ಬೆಳಕಿಗೆ ಹಿಡಿಯಿರಿ. ಹೊಟ್ಟೆಯ ಭಾಗವನ್ನೂ ಹಾಗೇ ನೋಡಿ ಹೋಲಿಸಿ. ಬಿಟ್ಟ ಮೇಲೂ ಬಟ್ಟೆ ಜೋಲುತ್ತಿದ್ದರೆ ಅದರ ಕೆಲಸ ಮುಗಿಯಿತು. ಅಂದಹಾಗೆ, ಈಜಿದ ಮೇಲೆ ಏನು ಮಾಡುತ್ತೀರಿ?

ಸುಮಾ: ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕ್ತೇನೆ. ಸಂಜೆ ಬಿಸಿನೀರಲ್ಲಿ ಒಗೆಯುತ್ತೇನೆ.

ಬಟ್ಟೆ ತಜ್ಞೆ: ಅಲ್ಲೇ ಎಡವಟ್ಟಾಗಿದೆ. ಕ್ಲೋರಿನ್ ನೀರು ಗಂಟೆಗಟ್ಟಲೆ ಬಟ್ಟೆಯಲ್ಲೇ ಇತ್ತು. ಬಿಸಿ ಆ ಹಾನಿಯನ್ನು ಇನ್ನೂ ಬೇಗ ಮಾಡುತ್ತದೆ. ಹೊಸದನ್ನು ಕೊಳಕ್ಕೆ ಇಳಿಯುವ ಮುಂಚೆಯೇ ಒಳ್ಳೆ ನೀರಲ್ಲಿ ನೆನೆಸಿ, ಆಗ ಕೊಳದ ನೀರು ಕಡಿಮೆ ಹೀರುತ್ತದೆ. ಹೊರಬಂದ ತಕ್ಷಣ ಅಲ್ಲೇ ತಣ್ಣೀರಲ್ಲಿ ಜಾಲಿಸಿ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ.

ಪ್ರಕಾಶ್: ನಮ್ಮ ಗುಂಪಿಗೆ ಬಂದಿದ್ದು: ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಸ್ವಲ್ಪ ಬ್ಲೀಚ್ ಸೇರಿಸಿದರೆ ಹೊಸದರಂತೆ ಆಗುತ್ತದೆ 🙏

ಬಟ್ಟೆ ತಜ್ಞೆ: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ವಿನೆಗರ್, ಬ್ಲೀಚ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಚ್ಚಲಲ್ಲಿ ಉಸಿರು ಕಟ್ಟುತ್ತದೆ. ಬ್ಲೀಚ್ ಸ್ಪ್ಯಾಂಡೆಕ್ಸನ್ನೂ ತಿನ್ನುತ್ತದೆ. ತುಂಡಾದ ಎಳೆಯನ್ನು ಯಾವುದೂ ಕೂಡಿಸುವುದಿಲ್ಲ.

ಪ್ರಕಾಶ್: ನಾನು ಬರೀ ಕಳಿಸಿದ್ದು ಮೇಡಂ.

ಲತಾ: ಪಾಲಿಯೆಸ್ಟರ್ ತಗೊಂಡರೆ ಈ ಗೋಳೇ ಇಲ್ಲ.

ಫರ್ಹಾನ್: ನಂದು ಪಾಲಿಯೆಸ್ಟರೇ. ಅದೂ ಜೋತುಬಿತ್ತು.

ಲತಾ: ಲೇಬಲ್ ಸರಿಯಾಗಿ ಓದಿದ್ರಾ?

ಫರ್ಹಾನ್: ಓದೋಕೆ ಬರುತ್ತೆ ನನಗೆ.

ಬಟ್ಟೆ ತಜ್ಞೆ: ಫರ್ಹಾನ್, ಅದರಲ್ಲಿ ಸ್ಪ್ಯಾಂಡೆಕ್ಸ್ ಎಷ್ಟಿದೆ ನೋಡಿ. ಪಾಲಿಯೆಸ್ಟರ್ ಕ್ಲೋರಿನ್‌ಗೆ ತಡೆಯುತ್ತದೆ, ಜೊತೆಗಿರುವ ಸ್ಪ್ಯಾಂಡೆಕ್ಸ್ ತಡೆಯುವುದಿಲ್ಲ.

ಶೈಲಜಾ: ಸಮುದ್ರದ ಉಪ್ಪಿಗೂ ಹೀಗೇ ಆಗುತ್ತಾ?

ಬಟ್ಟೆ ತಜ್ಞೆ: ಉಪ್ಪು ಕ್ಲೋರಿನ್‌ನಂತೆ ತಿನ್ನುವುದಿಲ್ಲ. ಆದರೆ ಒಣಗಿದ ಹರಳು, ಮರಳು ಎಳೆಗಳನ್ನು ಉಜ್ಜುತ್ತವೆ. ಒಣಗುವ ಮುಂಚೆ ಜಾಲಿಸಿ.

ಗಿರೀಶ್: ಬಿಸಿನೀರಲ್ಲಿ ಒಗೆಯಬಹುದಾ?

ಬಟ್ಟೆ ತಜ್ಞೆ: ಬೇಡ. ಮೇಲೆ ಓದಿ.

ನಂದಿನಿ: ಬಿಳಿ ಬಣ್ಣದ್ದು ಹೊಸದಾಗಿದ್ದರೂ ಒದ್ದೆಯಾದರೆ ಕಾಣುತ್ತದೆ. ಒಳಗೆ ಲೈನಿಂಗ್ ಹೊಲಿಸಬಹುದಾ?

ಗಿರೀಶ್: ವಾಷಿಂಗ್ ಮೆಷಿನ್‌ನಲ್ಲಿ ಬಿಸಿ ಇಲ್ಲದೆ ಹಾಕಿದರೆ?

ಲತಾ: ಅಯ್ಯೋ, ಮೇಲೆ ಓದಿ ಅಂದರಲ್ವಾ!

ಗಿರೀಶ್: ಮೆಷಿನ್ ಬಗ್ಗೆ ಎಲ್ಲಿ ಬರೆದಿದ್ದಾರೆ, ತೋರಿಸಿ.