ಸಹಾಯ ಬೇಕು: ಫ್ರೀ ಲುಕ್‌ನಲ್ಲಿ ರದ್ದು ಮಾಡಿದ ಪಾಲಿಸಿಯ ಪ್ರೀಮಿಯಂ ವಾಪಸ್

ನಮಸ್ಕಾರ. ಅಮ್ಮನ ಹೆಸರಿನ ಜೀವವಿಮಾ ಪಾಲಿಸಿ, ಪ್ರೀಮಿಯಂ 60,000 ರೂ. ಪಾಲಿಸಿಯಲ್ಲಿರುವ ದಿನಾಂಕ ಜೂನ್ 3, ಬಾಂಡ್ ಕೊರಿಯರ್‌ನಲ್ಲಿ ಕೈಸೇರಿದ್ದು ಜೂನ್ 14. ಜುಲೈ 8ಕ್ಕೆ ರದ್ದತಿ ಅರ್ಜಿ, ಮೂಲ ಬಾಂಡ್, ಕ್ಯಾನ್ಸಲ್ ಮಾಡಿದ ಚೆಕ್ಕು ಕೊಟ್ಟು ಸೀಲು ಹಾಕಿದ ಸ್ವೀಕೃತಿ ಪಡೆದಿದ್ದೇವೆ.

ಕಂಪನಿ ಜೂನ್ 3ರಿಂದ ಎಣಿಸಿ ಫ್ರೀ ಲುಕ್ ಅವಧಿ, ಅಂದರೆ ಪಾಲಿಸಿ ಬೇಡವೆನಿಸಿದರೆ ರದ್ದು ಮಾಡಲು ಇರುವ ಅವಧಿ, ಮೀರಿದೆ ಎನ್ನುತ್ತಿದೆ. ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ನಿಯಮದಂತೆ 30 ದಿನ ಶುರುವಾಗುವುದು ಪಾಲಿಸಿ ಕೈಸೇರಿದ ದಿನದಿಂದ; ಆ ಲೆಕ್ಕದಲ್ಲಿ ಇದು 24ನೇ ದಿನ. ಕವರ್ ಇದ್ದಷ್ಟು ದಿನದ ರಿಸ್ಕ್ ಪ್ರೀಮಿಯಂ, ವೈದ್ಯಕೀಯ ತಪಾಸಣೆ ಖರ್ಚು, ಸ್ಟಾಂಪ್ ಡ್ಯೂಟಿ ಹಿಡಿದುಕೊಳ್ಳಲಿ, ತಕರಾರಿಲ್ಲ.

ಪಾಲಿಸಿಯನ್ನು ಇ-ಮೇಲ್‌ನಲ್ಲೂ ಕಳಿಸಿದ್ದೆವು ಎಂಬುದು ಅವರ ಹೊಸ ವಾದ. ಆದರೆ ಅರ್ಜಿ ನಮೂನೆಯಲ್ಲಿರುವ ಇ-ಮೇಲ್ ವಿಳಾಸ ಅಮ್ಮನದಲ್ಲ, ಏಜೆಂಟರದು. ಕುಂದುಕೊರತೆ ಅಧಿಕಾರಿಗೆ ಬರೆಯುವಾಗ ಕೊರಿಯರ್‌ನ ಡೆಲಿವರಿ ದಾಖಲೆ ಜೊತೆ ಇನ್ನೇನು ಲಗತ್ತಿಸಬೇಕು? ಇಂಥ ಪ್ರಕರಣವನ್ನು ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ ಅಥವಾ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ನಡೆಸಿದವರು ದಯವಿಟ್ಟು ತಿಳಿಸಿ.